ಕೇಬಲ್ ಎಲ್ಲರದು, ಸಂಪರ್ಕ ಅವರವರದು

ಅಪಾರ್ಟ್‌ಮೆಂಟ್ ಸಂಘದ ಕಮಿಟಿಯ ಮುಂದೆ ಇಂಟರ್ನೆಟ್ ವಿಷಯ ಬಂದಾಗ ಸಾಮಾನ್ಯವಾಗಿ ಎರಡು ವಾದಗಳು ಏಳುತ್ತವೆ. ಇಡೀ ಕಟ್ಟಡಕ್ಕೆ ಒಂದೇ ಜಾಲ ಹಾಕಿಸೋಣ ಎಂಬುದು ಒಂದು. ಯಾರಿಗೆ ಯಾವ ಕಂಪನಿ ಬೇಕೋ ಹಾಕಿಸಿಕೊಳ್ಳಲಿ ಎಂಬುದು ಇನ್ನೊಂದು. ಈ ಜಗ್ಗಾಟದಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಬೆರೆತುಹೋಗಿರುತ್ತವೆ. ಕಟ್ಟಡದೊಳಗೆ ಮನೆಮನೆಗೆ ಹೋಗುವ ಕೇಬಲ್ ಯಾರದು ಎಂಬುದು ಮೊದಲನೆಯದು. ಅದರಲ್ಲಿ ಇಂಟರ್ನೆಟ್ ಹರಿಸುವವರು ಯಾರು ಎಂಬುದು ಎರಡನೆಯದು.

ಬೆಂಗಳೂರಿನ ಹನ್ನೆರಡು ಮಹಡಿಯ, ಮಹಡಿಗೆ ನಾಲ್ಕರಂತೆ 48 ಮನೆಗಳಿರುವ ಒಂದು ಕಟ್ಟಡವನ್ನು ಊಹಿಸಿಕೊಳ್ಳಬಹುದು. ಅಲ್ಲಿ ಪ್ರತಿ ಕಂಪನಿಯೂ ತನ್ನ ತಂತಿಯನ್ನು ತಾನೇ ಎಳೆದಿರುತ್ತದೆ. ಶಾಫ್ಟ್ ತುಂಬಿದ ಮೇಲೆ ಬಂದವರು ಹೊರಗೋಡೆಯ ಮೇಲೆ ಇಳಿಬಿಡುತ್ತಾರೆ. ಮನೆ ಖಾಲಿ ಮಾಡಿದವರ ತಂತಿ ಹಾಗೆಯೇ ಉಳಿಯುತ್ತದೆ. ಕೆಲವು ಸ್ಥಳೀಯ ಆಪರೇಟರ್‌ಗಳು ಟೆರೇಸಿನಲ್ಲಿ ಸ್ವಿಚ್ ಇಟ್ಟು, ಅಲ್ಲಿಂದ ತಾಮ್ರದ ತಂತಿಯನ್ನು ಮನೆಗಳಿಗೆ ಕೊಟ್ಟಿರುತ್ತಾರೆ. ಕರೆಂಟ್ ಹೋದರೆ ಆ ಸ್ವಿಚ್ಚೂ ನಿಲ್ಲುತ್ತದೆ. ಮನೆಯಲ್ಲಿ ಯುಪಿಎಸ್ ಇದ್ದರೂ ಉಪಯೋಗವಿಲ್ಲ. ಹತ್ತಿರದಲ್ಲಿ ಸಿಡಿಲು ಬಡಿದಾಗ ಸ್ವಿಚ್ಚಿನ ಪೋರ್ಟ್‌ಗಳೂ ಮನೆಯ ರೌಟರೂ ಸುಡುವುದುಂಟು.

ಇದಕ್ಕೆ ಬೇಸತ್ತ ಕಮಿಟಿಗೆ, ಸಂಘದ ಹೆಸರಿನಲ್ಲೇ ಒಂದು ದೊಡ್ಡ ಲೈನ್ ಪಡೆದು ಹಂಚಿಕೊಳ್ಳುವ ಆಲೋಚನೆ ಆಕರ್ಷಕವಾಗಿ ಕಾಣುತ್ತದೆ. ವೇಗ ಸಾಲದು ಎಂಬ ಭಯಕ್ಕೆ ಆಧಾರ ಕಡಿಮೆ. ರಾತ್ರಿ ಒಂಬತ್ತಕ್ಕೆ 40 ಮನೆಗಳು ತಲಾ 10 ಎಂಬಿಪಿಎಸ್ ಬಳಸಿದರೂ ಒಟ್ಟು 400. 1,000 ಎಂಬಿಪಿಎಸ್‌ನ ಲೈನಿಗೆ ಅದು ಭಾರವಲ್ಲ. ತೊಂದರೆ ಇರುವುದು ಬೇರೆ ಕಡೆ. ರಸ್ತೆ ಅಗೆಯುವವರು ಆ ಒಂದು ಲೈನ್ ಕತ್ತರಿಸಿದರೆ 48 ಮನೆಗಳಿಗೂ ಇಂಟರ್ನೆಟ್ ಇಲ್ಲ. ಎರಡನೆಯ ಕಂಪನಿಯ ಲೈನನ್ನೂ ಇಟ್ಟುಕೊಂಡರೆ ಖರ್ಚು ಏರುತ್ತದೆ. ಪ್ರತಿ ದೂರಿಗೂ ಕಾರ್ಯದರ್ಶಿಗೆ ಫೋನ್ ಬರುತ್ತದೆ, ಬಾಕಿ ವಸೂಲಿ ಖಜಾಂಚಿಯ ತಲೆಗೆ ಬೀಳುತ್ತದೆ. ಹಣ ಪಡೆದು ಇಂಟರ್ನೆಟ್ ಸೇವೆ ಮಾರಲು ಕೇಂದ್ರ ದೂರಸಂಪರ್ಕ ಇಲಾಖೆಯ ಪರವಾನಗಿ ಬೇಕೆಂಬುದನ್ನೂ ಕಮಿಟಿ ಮರೆಯುವಂತಿಲ್ಲ.

ಆದ್ದರಿಂದ ಕೇಬಲ್ ಸಂಘದ್ದಾಗಿ, ಸಂಪರ್ಕ ಮನೆಯವರದಾಗಿ ಉಳಿಯುವ ವ್ಯವಸ್ಥೆಯೇ ಮೇಲು. ಇದರಲ್ಲಿ ನೆಲಮಹಡಿಯ ಒಂದು ಕೋಣೆಯಿಂದ ಪ್ರತಿ ಮನೆಗೂ ಎರಡು ಎಳೆ ಫೈಬರ್ ಹೋಗುತ್ತದೆ. ಒಂದು ಬಳಕೆಗೆ, ಇನ್ನೊಂದು ಮೀಸಲು. ಕಂಪನಿಗಳು ತಮ್ಮ ಫೈಬರನ್ನು ಆ ಕೋಣೆಯ ತನಕ ಮಾತ್ರ ತಂದು, ಅಲ್ಲಿ ಸ್ಪ್ಲಿಟರ್ ಇಡುತ್ತವೆ. ಮನೆಯವರು ಕಂಪನಿ ಬದಲಿಸಿದರೆ ಕೋಣೆಯಲ್ಲಿ ಒಂದು ಸಣ್ಣ ಪ್ಯಾಚ್ ಕೇಬಲ್ ಬದಲಾಗುತ್ತದೆ, ಗೋಡೆಗೆ ಹೊಸ ತೂತು ಬೀಳುವುದಿಲ್ಲ. ಸ್ಪ್ಲಿಟರ್‌ಗೆ ಕರೆಂಟ್ ಬೇಕಿಲ್ಲ, ಗಾಜಿನ ಎಳೆಯಲ್ಲಿ ಸಿಡಿಲಿನ ವಿದ್ಯುತ್ತೂ ಹರಿಯದು. ಕೋಣೆಯನ್ನು ಬೇಸ್‌ಮೆಂಟಿನಲ್ಲಿ ಮಾತ್ರ ಇಡಬಾರದು. 2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಿನ ಎಷ್ಟೋ ಬೇಸ್‌ಮೆಂಟ್‌ಗಳು ತುಂಬಿದ್ದವು.

ಕೆಲಸ ಸರಿಯಾಗಿದೆಯೇ ಎಂಬುದು ಕಣ್ಣಿಗೆ ಕಾಣದು, ಪವರ್ ಮೀಟರಿನಲ್ಲಿ ಕಾಣುತ್ತದೆ. ಕಂಪನಿಯ ಕೇಂದ್ರದಿಂದ ಬೆಳಕು ಸುಮಾರು +3 ಡಿಬಿಎಂ ಬಲದಲ್ಲಿ ಹೊರಡುತ್ತದೆ ಎನ್ನೋಣ. 32 ಮನೆಗಳಿಗೆ ಹಂಚುವ ಸ್ಪ್ಲಿಟರ್ ಸುಮಾರು 17 ಡೆಸಿಬೆಲ್ ಕಳೆಯುತ್ತದೆ. ದಾರಿಯ ಮೂರು ಕಿಲೋಮೀಟರ್ ಫೈಬರ್‌ಗೆ ಒಂದು, ಜೋಡಣೆಗಳಿಗೆ ಎರಡು ಹೋದರೆ ಮನೆ ತಲುಪುವುದು −17. ಮನೆಯ ಪೆಟ್ಟಿಗೆ ಸುಮಾರು −27ರ ತನಕ ತಡೆದುಕೊಳ್ಳುತ್ತದೆ. ಅಂದರೆ ಹತ್ತು ಡೆಸಿಬೆಲ್ ಉಳಿತಾಯವಿದೆ. ಕಟ್ಟಡದೊಳಗಿನ ಎಂಬತ್ತು ಮೀಟರ್ ಫೈಬರ್ ಇದರಲ್ಲಿ ತಿನ್ನುವುದು ಲೆಕ್ಕಕ್ಕೆ ಬಾರದಷ್ಟು. ತಿನ್ನುವುದು ದೂಳು ಕೂತ ಕನೆಕ್ಟರ್ ಮತ್ತು ಮೂಲೆಯಲ್ಲಿ ಬಿಗಿಯಾಗಿ ಮಡಿಸಿ ಮೊಳೆ ಹೊಡೆದ ಎಳೆ. ಇಂಥ ಎರಡು ತಪ್ಪು ಸೇರಿದರೆ ಉಳಿತಾಯವೆಲ್ಲ ಕರಗಿ, ಪೆಟ್ಟಿಗೆಯಲ್ಲಿ LOS ಎಂಬ ಕೆಂಪು ದೀಪ ಮಿನುಗುತ್ತದೆ. ಗಡಿಯಲ್ಲಿ ನಿಂತ ಮನೆಯಲ್ಲಿ ಸಂಪರ್ಕ ಆಗಾಗ ಕಡಿದು ಮತ್ತೆ ಬರುತ್ತದೆ. ಅದನ್ನು ರೌಟರಿನ ದೋಷವೆಂದು ತಿಳಿದು ಹೊಸ ರೌಟರ್ ಕೊಳ್ಳುವವರೇ ಹೆಚ್ಚು. ಹಾಗಾಗಿ ಗುತ್ತಿಗೆದಾರನಿಂದ 96 ಎಳೆಗಳ ಅಳತೆಯನ್ನೂ ಮನೆ ಸಂಖ್ಯೆಯೊಂದಿಗೆ ಬರೆಸಿಕೊಂಡ ಮೇಲೆಯೇ ಕೊನೆಯ ಕಂತು ಕೊಡಬೇಕು.

ಕಂಪನಿಯೊಂದು ಈ ಜಾಲವನ್ನು ಉಚಿತವಾಗಿ ಹಾಕಿಕೊಡುತ್ತೇನೆ ಎಂದರೆ ಕರಾರನ್ನು ಸಾಲು ಸಾಲಾಗಿ ಓದಬೇಕು. ಫೈಬರ್ ಕಂಪನಿಯ ಆಸ್ತಿ ಎಂದೋ, ಇಂತಿಷ್ಟು ವರ್ಷ ಬೇರೆಯವರಿಗೆ ಪ್ರವೇಶವಿಲ್ಲ ಎಂದೋ ಇದ್ದರೆ, ಉಳಿಸಿದ ಹಣಕ್ಕಿಂತ ಕಳೆದುಕೊಂಡ ಆಯ್ಕೆಯೇ ದೊಡ್ಡದಾಗುತ್ತದೆ. ಶಾಫ್ಟ್ ಎಲ್ಲ ಮಾಲೀಕರ ಸಾಮಾನ್ಯ ಜಾಗ. ಅದರೊಳಗಿನ ಫೈಬರ್ ಸಂಘದ್ದು, ಯಾವ ಕಂಪನಿಗೂ ಏಕಸ್ವಾಮ್ಯವಿಲ್ಲ, ಬಿಲ್ಲು ನೇರವಾಗಿ ಮನೆಗೆ ಬರತಕ್ಕದ್ದು: ಈ ಮೂರನ್ನು ಠರಾವಿನಲ್ಲಿ ಬರೆದು ಸರ್ವಸದಸ್ಯರ ಸಭೆಯಲ್ಲಿ ಒಪ್ಪಿಗೆ ಪಡೆದ ನಂತರವೇ ಕಮಿಟಿ ದರಪಟ್ಟಿ ಕರೆಯಬೇಕು.