ಅವಳಿ ಮುಖಕ್ಕೆ ಮೊಬೈಲ್ ಮರುಳಾಗುವುದೇಕೆ?

ಅಣ್ಣನ ಮೊಬೈಲ್ ಅವಳಿ ತಮ್ಮನ ಮುಖ ಕಂಡೊಡನೆ ತೆರೆದುಕೊಂಡರೆ ಉಪಕರಣ ಕೆಟ್ಟಿದೆ ಎಂದು ಭಾವಿಸಬೇಕಿಲ್ಲ. ಆಪಲ್ ಸಂಸ್ಥೆಯು 2017ರಲ್ಲಿ ‘ಫೇಸ್ ಐಡಿ’ಯನ್ನು ಪರಿಚಯಿಸಿದಾಗಲೇ ಈ ಮಿತಿಯನ್ನು ಒಪ್ಪಿಕೊಂಡಿತ್ತು. ಅಪರಿಚಿತರ ಮುಖಕ್ಕೆ ಬೀಗ ತೆರೆಯುವ ಸಾಧ್ಯತೆ ಹತ್ತು ಲಕ್ಷಕ್ಕೆ ಒಂದಕ್ಕಿಂತ ಕಡಿಮೆ. ಆದರೆ ಅವಳಿಗಳು ಹಾಗೂ ಹೋಲಿಕೆಯುಳ್ಳ ಒಡಹುಟ್ಟಿದವರ ವಿಷಯದಲ್ಲಿ ಅದು ಹೆಚ್ಚು ಎಂಬುದು ಸಂಸ್ಥೆಯದೇ ವಿವರಣೆ.

ಯಂತ್ರವು ಮುಖವನ್ನು ಚಿತ್ರವಾಗಿ ನೆನಪಿಡುವುದಿಲ್ಲ. ಅದರ ಆಕಾರ, ಉಬ್ಬುತಗ್ಗುಗಳನ್ನು ಅಂಕಿಗಳ ಸಾಲಾಗಿ ಪರಿವರ್ತಿಸಿ, ಹೊಸ ಮುಖದ ಅಂಕಿಗಳೊಡನೆ ಹೋಲಿಸುತ್ತದೆ. ಹೋಲಿಕೆ ನಿಗದಿತ ಮಿತಿಯನ್ನು ದಾಟಿದರೆ ಬೀಗ ತೆರೆಯುತ್ತದೆ. ಉದಾಹರಣೆಗೆ, ಮಿತಿ 60 ಅಂಕ ಎಂದಿಟ್ಟುಕೊಳ್ಳೋಣ. ಒಡೆಯನಿಗೆ ಒಳ್ಳೆಯ ಬೆಳಕಿನಲ್ಲಿ 90, ಮಂದ ಬೆಳಕಿನಲ್ಲಿ 75 ಅಂಕ ಬರುತ್ತದೆ; ಅಪರಿಚಿತನಿಗೆ 15. ಏಕರೂಪ ಅವಳಿ ಸೋದರನಿಗೆ 80 ಬಂದರೆ ಆತ ಸಲೀಸಾಗಿ ಒಳನುಗ್ಗುತ್ತಾನೆ. ಆತನನ್ನು ತಡೆಯಲು ಮಿತಿಯನ್ನು 85ಕ್ಕೆ ಏರಿಸಿದರೆ, ಸಂಜೆಯ ಹೊತ್ತು ಒಡೆಯನೇ ಹೊರಗುಳಿಯುತ್ತಾನೆ! ಗಡ್ಡ, ಕನ್ನಡಕ, ವಯಸ್ಸಿನ ಬದಲಾವಣೆಗಳನ್ನು ಕಡೆಗಣಿಸಲು ಯಂತ್ರಕ್ಕೆ ಕಲಿಸಲಾಗಿರುತ್ತದೆ. ಅವಳಿಗಳ ನಡುವಿನ ವ್ಯತ್ಯಾಸಗಳು ಬಹುಪಾಲು ಅಷ್ಟೇ ಸೂಕ್ಷ್ಮವಾದವು.

ಮನೆಮಂದಿ ಅರಿಯದ ಇನ್ನೊಂದು ಸಂಗತಿಯಿದೆ. ಮುಖ ಸ್ವಲ್ಪದರಲ್ಲಿ ಹೊಂದದೆ ಹೋಗಿ, ಕೂಡಲೇ ಸರಿಯಾದ ಪಾಸ್‌ಕೋಡ್ ಒತ್ತಿದರೆ, ಫೇಸ್ ಐಡಿಯು ಆ ಮುಖವನ್ನು ಒಡೆಯನದೇ ಹೊಸ ರೂಪವೆಂದು ಭಾವಿಸಿ ತನ್ನ ದಾಖಲೆಗೆ ಸೇರಿಸಿಕೊಳ್ಳಬಲ್ಲದು. ಪಾಸ್‌ಕೋಡ್ ತಿಳಿದ ತಮ್ಮನೊಬ್ಬ ಹೀಗೆ ಪದೇ ಪದೇ ಮೊಬೈಲ್ ಬಳಸಿದರೆ, ತನ್ನ ಮುಖವನ್ನು ತಾನೇ ಅದಕ್ಕೆ ಕಲಿಸಿದಂತೆ. ಹಿಂದೆ ತೆರೆಯದಿದ್ದ ಬೀಗ ಈಗ ಸೋದರನಿಗೆ ತೆರೆಯತೊಡಗಿದರೆ ಇದೇ ಕಾರಣವಿರಬಹುದು. ಆಗ ಫೇಸ್ ಐಡಿಯನ್ನು ಅಳಿಸಿ ಮರುನೋಂದಣಿ ಮಾಡಿ, ಪಾಸ್‌ಕೋಡ್ ಬದಲಿಸುವುದು ಉಚಿತ. ಏಕರೂಪ ಅವಳಿಗಳಾದರೆ ಬ್ಯಾಂಕ್ ವ್ಯವಹಾರಕ್ಕೆ ಮುಖವನ್ನು ನೆಚ್ಚದಿರುವುದೇ ಲೇಸು.

ಹಾಗಾದರೆ ಅವರನ್ನು ಬೇರ್ಪಡಿಸುವುದು ಯಾವುದು? ಸಾಮಾನ್ಯ ಡಿಎನ್‌ಎ ಪರೀಕ್ಷೆಯೂ ಇಲ್ಲಿ ಸೋಲುತ್ತದೆ. ಗೆಲ್ಲುವುದು ಬೆರಳಚ್ಚು. ಬೆರಳತುದಿಯ ಗೆರೆಗಳು ಗರ್ಭದಲ್ಲಿ ಮೂಡುವಾಗ ವಂಶವಾಹಿಯ ಜೊತೆಗೆ ಭ್ರೂಣದ ಭಂಗಿ, ಸುತ್ತಲಿನ ದ್ರವದ ಒತ್ತಡಗಳೂ ಪ್ರಭಾವ ಬೀರುತ್ತವೆ. ಹೀಗಾಗಿ ಸುಳಿಯ ಒಟ್ಟು ಮಾದರಿ ಹೋಲಬಹುದಾದರೂ, ಗೆರೆಗಳು ಕವಲೊಡೆಯುವ ಮತ್ತು ಕೊನೆಗೊಳ್ಳುವ ಜಾಗಗಳು ಬೇರೆ. ಕಣ್ಣಿನ ಪಾಪೆಯ ಸುತ್ತಲಿನ ಐರಿಸ್ ಕೂಡ ಹೀಗೆಯೇ. ಅವಳಿಗಳ ಕಣ್ಣಿನ ಬಣ್ಣ ಒಂದೇ ಆಗಿದ್ದರೂ ಅದರ ಎಳೆಗಳ ವಿನ್ಯಾಸ ಯಂತ್ರಕ್ಕೆ ಪ್ರತ್ಯೇಕವಾಗಿ ಕಾಣುತ್ತದೆ. ಒಬ್ಬನೇ ವ್ಯಕ್ತಿಯ ಎಡ-ಬಲ ಕಣ್ಣುಗಳಲ್ಲಿಯೂ ಅದು ಭಿನ್ನ.

ಆಧಾರ್ ನೋಂದಣಿಯಲ್ಲಿ ಹತ್ತೂ ಬೆರಳು, ಎರಡೂ ಕಣ್ಣುಗಳ ದಾಖಲೆ ಪಡೆಯುವುದರಿಂದ ವಯಸ್ಕ ಅವಳಿಗಳು ಒಬ್ಬರೆಂದು ಪರಿಗಣಿತರಾಗುವ ಭಯ ಕಡಿಮೆ. ಆದರೆ ಐದು ವರ್ಷದೊಳಗಿನ ಮಕ್ಕಳಿಂದ ಭಾವಚಿತ್ರ ಮಾತ್ರ ಪಡೆಯಲಾಗುತ್ತದೆ. ಅವಳಿ ಮಕ್ಕಳಿಗೆ ಐದು ತುಂಬಿದ ಬಳಿಕ ಬೆರಳಚ್ಚು ಹಾಗೂ ಐರಿಸ್ ನೀಡಿಸುವಾಗ, ಯಾವ ಸಂಖ್ಯೆ ಯಾವ ಮಗುವಿನದೆಂದು ಪೋಷಕರೇ ಕೇಂದ್ರದಲ್ಲಿ ಎಚ್ಚರದಿಂದ ನೋಡಿಕೊಳ್ಳಬೇಕು.