ಮಗು ತಾನೇ ಬ್ಯಾಗ್ ಜೋಡಿಸಿಕೊಳ್ಳುವುದನ್ನು 21 ದಿನದಲ್ಲಿ ಕಲಿಯುತ್ತದೆಯೇ?

ಯಾವುದೇ ಕೆಲಸವನ್ನು ಮಕ್ಕಳಿಂದ 21 ದಿನ ಬಿಡದೆ ಮಾಡಿಸಿದರೆ ಅದು ಅಭ್ಯಾಸವಾಗಿಬಿಡುತ್ತದೆ, ಆಮೇಲೆ ಹೇಳುವುದೇ ಬೇಡ ಎನ್ನುವ ಮೆಸೇಜ್ ಪೋಷಕರ ವಾಟ್ಸಾಪ್ ಗ್ರೂಪ್‌ಗಳಲ್ಲಿ ತಿರುಗುತ್ತಲೇ ಇರುತ್ತದೆ. ಇದನ್ನು ನಂಬಿ ಹೋಂವರ್ಕ್, ಸ್ಕೂಲ್ ಬ್ಯಾಗ್ ವಿಷಯದಲ್ಲಿ ಪ್ರಯತ್ನಿಸಿದವರು 22ನೇ ದಿನವೂ ಮತ್ತೆ ಕೂಗಬೇಕಾಗಿ ಬಂದಾಗ ಮಗುವನ್ನೇ ಸೋಮಾರಿ ಎನ್ನುತ್ತಾರೆ. ತಪ್ಪು ಮಗುವಿನದಲ್ಲ, ಲೆಕ್ಕದ್ದು.

21 ಎಂಬ ಸಂಖ್ಯೆಯ ಮೂಲ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್. ಶಸ್ತ್ರಚಿಕಿತ್ಸೆಯ ನಂತರ ರೋಗಿಗಳು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ 21 ದಿನ ಬೇಕು ಎಂದು ಅವರು 1960ರ ಪುಸ್ತಕದಲ್ಲಿ ಬರೆದಿದ್ದರು. 'ಕನಿಷ್ಠ' ಎನ್ನುವ ಪದ ಫಾರ್ವರ್ಡ್ ಆಗುತ್ತಾ ಬಿದ್ದುಹೋಯಿತು. 2009ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ತಂಡ 96 ಜನರನ್ನು 12 ವಾರ ಗಮನಿಸಿದಾಗ, ಹೊಸ ಅಭ್ಯಾಸ ಕೂರಲು ಸುಮಾರು 66 ದಿನ ಎಂಬ ಅಂದಾಜು ಸಿಕ್ಕಿತು. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನ ಬೇಕಾಗಬಹುದು ಎಂದು ಲೆಕ್ಕ ಹೇಳಿತು. ಅವರೆಲ್ಲ ದೊಡ್ಡವರು ಎಂಬುದೂ ನೆನಪಿರಲಿ. ಹಾಗಾಗಿ ದಿನ ಎಣಿಸುವುದಕ್ಕಿಂತ ನೆನಪಿಸುವ ರೀತಿಯನ್ನೇ ಬದಲಿಸುವುದು ಒಳ್ಳೆಯದು.

ಬಸವನಗುಡಿಯಲ್ಲಿ ಮೂರನೇ ಕ್ಲಾಸ್ ಓದುವ ಹುಡುಗಿ ಎಂದುಕೊಳ್ಳಿ. ಸಂಜೆ ಆರೂವರೆಗೆ ಅಮ್ಮನ ಫೋನಿನಲ್ಲಿ ಅಲಾರಂ ಹೊಡೆಯುತ್ತದೆ. ಆಟದ ನಡುವೆ ಇದ್ದವಳು "ಐದು ನಿಮಿಷ" ಎನ್ನುತ್ತಾಳೆ, ಅಲಾರಂ ನಿಲ್ಲುತ್ತದೆ, ಕೆಲಸವೂ ಮರೆತುಹೋಗುತ್ತದೆ. ಗಡಿಯಾರದ ಹೊತ್ತನ್ನು ನೆನಪಿಟ್ಟು ಮಾಡುವ ಕೆಲಸ ಮಕ್ಕಳಿಗೆ ಕಷ್ಟ. ಕಣ್ಣೆದುರು ನಡೆಯುವ ಒಂದು ಘಟನೆಗೆ ಕಟ್ಟಿದ ಕೆಲಸ ಸುಲಭ. ಅಜ್ಜಿ ದೇವರ ಮುಂದೆ ದೀಪ ಹಚ್ಚಿದ ಕೂಡಲೇ ಡೈರಿ ತೆಗೆಯುವುದು, ಊಟದ ತಟ್ಟೆ ಎತ್ತಿದ ಕೂಡಲೇ ಬ್ಯಾಗ್ ಜೋಡಿಸುವುದು ಎಂದು ಇಟ್ಟುಕೊಂಡರೆ ಕರೆಯುವ ಕೆಲಸವನ್ನು ಮನೆಯೇ ಮಾಡುತ್ತದೆ. ದೀಪ ಹಚ್ಚುವ ರೂಢಿ ಇಲ್ಲದ ಮನೆಯಲ್ಲಿ ಹಾಲು ಕುಡಿದ ಲೋಟ ಸಿಂಕಿಗೆ ಹಾಕುವುದೇ ಆ ಗುರುತಾಗಬಹುದು. ಪ್ರತಿದಿನ ತಪ್ಪದೆ ನಡೆಯುವಂಥದ್ದಾಗಿರಬೇಕು, ಅಷ್ಟೇ.

ಡೈರಿ ತೆಗೆದವಳು ಹೋಂವರ್ಕ್ ಏನೆಂದು ತಾನೇ ಓದಿ ಹೇಳಲಿ. ಕ್ಲಾಸ್ ಗ್ರೂಪಿಗೆ ಹೋಂವರ್ಕ್ ಬರುತ್ತದಲ್ಲ, ಅದನ್ನು ಅಪ್ಪ ಅಮ್ಮ ಮೊದಲು ನೋಡಿ ಒಪ್ಪಿಸಿದರೆ ಮಗುವಿಗೆ ಡೈರಿ ಬರೆದುಕೊಳ್ಳುವ ಕಾರಣವೇ ಉಳಿಯುವುದಿಲ್ಲ. ಮೊದಲು ಡೈರಿ, ಬೇಕಿದ್ದರೆ ಆಮೇಲೆ ಗ್ರೂಪ್. ಕೇಂದ್ರದ 2020ರ ಸ್ಕೂಲ್ ಬ್ಯಾಗ್ ನೀತಿಯ ಪ್ರಕಾರ ಎರಡನೇ ತರಗತಿವರೆಗೆ ಹೋಂವರ್ಕೇ ಇರಬಾರದು, ಮೂರರಿಂದ ಐದಕ್ಕೆ ವಾರಕ್ಕೆ ಎರಡು ಗಂಟೆ ಮೀರಬಾರದು. ಅಂದರೆ ದಿನಕ್ಕೆ ಇಪ್ಪತ್ತು ನಿಮಿಷದ ಆಸುಪಾಸು. ದಿನವೂ ಒಂದೂವರೆ ಗಂಟೆ ಹಿಡಿಯುತ್ತಿದ್ದರೆ ಟೀಚರ್ ಜೊತೆ ಮಾತಾಡಬೇಕು. ಯಾವ ರಿಮೈಂಡರ್ ಕೂಡ ಅದನ್ನು ಸರಿಮಾಡದು.

ಬ್ಯಾಗ್ ಜೋಡಿಸುವಾಗ ಮೊದಲ ಹೆಜ್ಜೆ ಬ್ಯಾಗನ್ನು ಪೂರ್ತಿ ಖಾಲಿ ಮಾಡುವುದು. ಮರೆಯುವ ಭಯಕ್ಕೆ ಮಕ್ಕಳು ವಾರದ ಪುಸ್ತಕವನ್ನೆಲ್ಲ ಹೊತ್ತುಕೊಂಡಿರುತ್ತಾರೆ. ಕರ್ನಾಟಕದ 2019ರ ಆದೇಶದಂತೆ ಮೂರರಿಂದ ಐದನೇ ತರಗತಿಯ ಬ್ಯಾಗ್ 2ರಿಂದ 3 ಕೆಜಿ ಒಳಗಿರಬೇಕು. ಆಮೇಲೆ ನಾಳೆಯ ಟೈಮ್‌ಟೇಬಲ್ ಮೇಲೆ ಬೆರಳಿಟ್ಟು ಒಂದೊಂದೇ ಪುಸ್ತಕ ಒಳಗೆ, ಪೆನ್ಸಿಲ್ ಬಾಕ್ಸ್ ಕೊನೆಗೆ. ತುಂಬಿದ ಬ್ಯಾಗ್ ಚಪ್ಪಲಿ ಸ್ಟ್ಯಾಂಡ್ ಪಕ್ಕ.

ಹೇಳುವ ಮಾತನ್ನು ನಿಧಾನಕ್ಕೆ ಇಳಿಸಬೇಕು. ಮೊದಲ ಒಂದೆರಡು ವಾರ "ಇಂಗ್ಲಿಷ್ ಬುಕ್ ಇಟ್ಟೆಯಾ, ಕನ್ನಡ ಇಟ್ಟೆಯಾ" ಎಂದು ಕೇಳುವ ಬದಲು "ದೀಪ ಹಚ್ಚಾಯ್ತು ಪುಟ್ಟಿ, ಈಗೇನು?" ಎಂಬ ಒಂದೇ ಪ್ರಶ್ನೆ. ಆಮೇಲೆ ಗೋಡೆಯ ಟೈಮ್‌ಟೇಬಲ್ ಕಡೆ ಬರೀ ಕೈ ತೋರಿಸುವುದು. ಆಮೇಲೆ ಸುಮ್ಮನಿರುವುದು. ಯಾವಾಗ ಇಳಿಸಬೇಕು ಎಂದು ತಿಳಿಯಲು ಕ್ಯಾಲೆಂಡರಿನಲ್ಲಿ ಮಗು ತಾನೇ ಶುರು ಮಾಡಿದ ದಿನಕ್ಕೆ ಒಂದು ಚುಕ್ಕಿ ಇಡಿ. ಐದು ಶಾಲಾ ದಿನಗಳಲ್ಲಿ ನಾಲ್ಕು ಚುಕ್ಕಿ ಬಿದ್ದರೆ ಮುಂದಿನ ಹಂತಕ್ಕೆ ಹೋಗಬಹುದು ಎಂಬುದು ನಮ್ಮ ಅಂದಾಜು. ಎರಡೇ ಬಿದ್ದರೆ ಒಂದು ಹಂತ ಹಿಂದೆ.

ಇದು ಸಾಮಾನ್ಯವಾಗಿ ಕೆಡುವುದು ಬೆಳಿಗ್ಗೆ. ಹಳೇ ಬೆಂಗಳೂರಿನಲ್ಲಿ ಶಾಲೆ ಎರಡು ರಸ್ತೆ ಆಚೆ ಇರುತ್ತದೆ, ಮರೆತ ನೋಟ್‌ಬುಕ್ ಹಿಡಿದು ತಾತ ಗೇಟಿನ ಹತ್ತಿರ ಹಾಜರು! ಊಟದ ಡಬ್ಬಿ, ಕನ್ನಡಕ, ಔಷಧಿ ಆದರೆ ಖಂಡಿತ ಕೊಟ್ಟುಬನ್ನಿ. ನೋಟ್‌ಬುಕ್ ಆದರೆ ಬೇಡ. ತಾತ ತರುತ್ತಾರೆಂದು ಗೊತ್ತಿರುವ ಮಗು ರಾತ್ರಿ ಟೈಮ್‌ಟೇಬಲ್ ಯಾಕೆ ನೋಡಬೇಕು?

ಇನ್ನು ಒಂದು ದಿನ ತಪ್ಪಿದರೆ ಮತ್ತೆ ಒಂದರಿಂದ ಎಣಿಸಬೇಕು ಎನ್ನುವ ಮಾತೂ ಸರಿಯಲ್ಲ. ಲ್ಯಾಲಿ ತಂಡದ ಅಧ್ಯಯನದಲ್ಲೇ ಒಂದು ದಿನ ಬಿಟ್ಟುಹೋದದ್ದು ಅಭ್ಯಾಸಕ್ಕೆ ಹೆಚ್ಚು ಪೆಟ್ಟು ಕೊಡಲಿಲ್ಲ. ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆಗೆ ಹೋಗಿ ತಡವಾಗಿ ಬಂದು ಮಗು ಮಲಗಿಬಿಟ್ಟರೆ ಅವತ್ತು ಬ್ಯಾಗ್ ನೀವೇ ತುಂಬಿಕೊಡಿ. ಮಂಗಳವಾರ ದೀಪ ಹಚ್ಚಿದಾಗ ಮತ್ತೆ ಅವಳದೇ ಕೆಲಸ.