ಒಂದೇ ಲೇತ್, ಎರಡು ಬೆಲೆ

ಪೀಣ್ಯದ ಒಂದು ಪುಟ್ಟ ಪ್ರೈವೇಟ್ ಲಿಮಿಟೆಡ್ ಕಂಪನಿ ಏಪ್ರಿಲ್ ಮೊದಲ ವಾರದಲ್ಲಿ 10 ಲಕ್ಷ ರೂಪಾಯಿಗೆ ಸಿಎನ್‌ಸಿ ಲೇತ್ ಕೊಂಡಿತು ಎಂದುಕೊಳ್ಳಿ. ಐದು ವರ್ಷ ಕಳೆದ ಮೇಲೆ ಲೆಕ್ಕದಲ್ಲಿ ಅದರ ಬೆಲೆ ಎಷ್ಟು ಎಂದು ಕೇಳಿದರೆ ಎರಡು ಉತ್ತರ ಬರಬಹುದು. ಎರಡೂ ಸರಿಯೇ.

ಕಂಪನಿಯ ಲೆಕ್ಕಪುಸ್ತಕದಲ್ಲಿ ಸವಕಳಿಯನ್ನು ಸ್ಥಿರ ಕಂತಿನಲ್ಲಿ ಕಳೆಯುತ್ತಾರೆ ಎನ್ನೋಣ. 2013ರ ಕಂಪನಿ ಕಾಯ್ದೆ ಸಾಮಾನ್ಯ ಯಂತ್ರಗಳಿಗೆ 15 ವರ್ಷ ಆಯಸ್ಸು ಹೇಳುತ್ತದೆ. ಕೊನೆಗೆ ಉಳಿಯುವ ಗುಜರಿ ಬೆಲೆ ಸಾಮಾನ್ಯವಾಗಿ ಕೊಂಡ ಬೆಲೆಯ ಶೇ. 5ನ್ನು ಮೀರಬಾರದು. ಗುಜರಿಗೆ 50 ಸಾವಿರ ಬಿಟ್ಟು ಉಳಿದ 9.5 ಲಕ್ಷವನ್ನು 15ರಿಂದ ಭಾಗಿಸಿದರೆ ವರ್ಷಕ್ಕೆ 63,333 ರೂಪಾಯಿ. ಪ್ರತಿವರ್ಷವೂ ಅಷ್ಟೇ. ಐದು ವರ್ಷದ ಕೊನೆಗೆ ಪುಸ್ತಕ ಬೆಲೆ ಸುಮಾರು 6,83,000.

ಆದಾಯ ತೆರಿಗೆಯ ಲೆಕ್ಕ ಬೇರೆ. ಅಲ್ಲಿ ನಡೆಯುವುದು ಇಳಿಕೆ ಶಿಲ್ಕಿನ ಪದ್ಧತಿ. ಸಾಮಾನ್ಯ ಯಂತ್ರಕ್ಕೆ ದರ ಶೇ. 15. ಮೊದಲ ವರ್ಷ 10 ಲಕ್ಷದ ಮೇಲೆ ಒಂದೂವರೆ ಲಕ್ಷ ಕಳೆಯುತ್ತದೆ. ಎರಡನೇ ವರ್ಷ ಉಳಿದ ಎಂಟೂವರೆ ಲಕ್ಷದ ಮೇಲೆ ಅದೇ ದರ, ಅಂದರೆ 1,27,500. ಹೀಗೇ ಇಳಿಯುತ್ತಾ ಐದನೇ ವರ್ಷದ ಕೊನೆಗೆ ಉಳಿಯುವುದು 4,43,705. ಇಲ್ಲಿ ಗುಜರಿ ಬೆಲೆಯನ್ನು ಮೊದಲೇ ಕಳೆಯುವಂತಿಲ್ಲ. ಹೊಸಬರು ಎಡವುವುದು ಇನ್ನೊಂದು ಕಡೆ: ಪ್ರತಿವರ್ಷ ಮೂಲ ಬೆಲೆಯ ಮೇಲೆಯೇ ಶೇ. 15 ಹಾಕಿಬಿಡುತ್ತಾರೆ. ಎರಡನೇ ವರ್ಷವೂ ಒಂದೂವರೆ ಲಕ್ಷವೇ ಕಂಡರೆ ತಪ್ಪಾಗಿದೆ ಎಂದು ತಿಳಿಯಬೇಕು. ಯಂತ್ರ ಕೊಂಡ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಆ ವರ್ಷ ಅರ್ಧ ದರ ಮಾತ್ರ.

ಆರನೇ ವರ್ಷದವರೆಗೂ ಇಳಿಕೆ ಶಿಲ್ಕಿನ ಸವಕಳಿಯೇ ಹೆಚ್ಚು. ಏಳನೇ ವರ್ಷ ಅದು 56,572ಕ್ಕೆ ಇಳಿದು ಸ್ಥಿರ ಕಂತಿಗಿಂತ ಕೆಳಗೆ ಹೋಗುತ್ತದೆ. ರಿಪೇರಿ ಖರ್ಚು ಏರತೊಡಗುವುದೂ ಯಂತ್ರ ಹಳತಾದಾಗಲೇ. ಆದ್ದರಿಂದ ಸವಕಳಿ, ರಿಪೇರಿ ಎರಡನ್ನೂ ಕೂಡಿಸಿ ನೋಡಿದರೆ ಇಳಿಕೆ ಶಿಲ್ಕಿನಲ್ಲಿ ವರ್ಷದ ಹೊರೆ ಹೆಚ್ಚು ಸಮನಾಗಿರುತ್ತದೆ. ಲೇತ್‌ನಂಥ ಯಂತ್ರಕ್ಕೆ ನನಗೆ ಇದೇ ಹೆಚ್ಚು ನ್ಯಾಯವೆನಿಸುತ್ತದೆ. ವರ್ಷವರ್ಷವೂ ಒಂದೇ ರೀತಿ ಸೇವೆ ಕೊಡುವ ಕಟ್ಟಡ, ಪೀಠೋಪಕರಣಗಳಿಗೆ ಸ್ಥಿರ ಕಂತು ಸಾಕು.

ಐದು ವರ್ಷದ ಮೇಲೆ ಲೇತನ್ನು 5 ಲಕ್ಷಕ್ಕೆ ಮಾರಿದರೆ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಕಂಪನಿಯ ಪುಸ್ತಕದಲ್ಲಿ ಸುಮಾರು 1,83,000 ನಷ್ಟ. ತೆರಿಗೆಯಲ್ಲಿ ಒಂದೇ ದರದ ಯಂತ್ರಗಳೆಲ್ಲ ಒಂದು ಗುಂಪು. ಮಾರಿದ ಹಣವನ್ನು ಆ ಗುಂಪಿನ ಒಟ್ಟು ಶಿಲ್ಕಿನಿಂದ ಕಳೆಯುತ್ತಾರೆ. ಗುಂಪಿನಲ್ಲಿ ಇದ್ದದ್ದು ಈ ಲೇತ್ ಒಂದೇ ಆದರೆ, ಹೆಚ್ಚಿಗೆ ಬಂದ 56,295 ರೂಪಾಯಿ ಅಲ್ಪಾವಧಿ ಬಂಡವಾಳ ಲಾಭವಾಗಿ ತೆರಿಗೆಗೆ ಸೇರುತ್ತದೆ.